ನಲವತ್ತು ಚೀಲವೋ, ನಲವತ್ತು ಕಿಲೋವೋ?

ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಇದೆ. ಅಲ್ಲಿನ ವ್ಯಾಪಾರಿಯೊಬ್ಬರಿಗೆ ಮಸಾಲೆ ಕಾರ್ಖಾನೆಯೊಂದು ಪಿಡಿಎಫ್‌ನಲ್ಲಿ ಖರೀದಿ ಆರ್ಡರ್ ಕಳಿಸಿತು ಎಂದುಕೊಳ್ಳಿ. ಅದನ್ನು ಓದಿ ಮಾರಾಟದ ಕರಡು ಆರ್ಡರ್ ಸಿದ್ಧಪಡಿಸುವುದು ತಂತ್ರಾಂಶದ ಕೆಲಸ.

ನಮ್ಮ ಕಣ್ಣಿಗೆ ಅದು ಅಚ್ಚುಕಟ್ಟಾದ ಕೋಷ್ಟಕ. ಪಿಡಿಎಫ್‌ನ ಒಳಗೆ ಮಾತ್ರ ಸಾಮಾನ್ಯವಾಗಿ ಕೋಷ್ಟಕವೇ ಇರುವುದಿಲ್ಲ. ಯಾವ ಅಕ್ಷರ ಪುಟದ ಯಾವ ಜಾಗದಲ್ಲಿದೆ ಎಂಬ ಲೆಕ್ಕವಷ್ಟೇ ಇರುತ್ತದೆ. ಒಂದೇ ಎತ್ತರದಲ್ಲಿರುವ ಅಕ್ಷರಗಳನ್ನು ಕೂಡಿಸಿ ತಂತ್ರಾಂಶ ಸಾಲು ಮಾಡಿಕೊಳ್ಳುತ್ತದೆ. ಸರಕಿನ ವಿವರ ಉದ್ದವಾಗಿ ಕೆಳಗಿನ ಸಾಲಿಗೆ ಇಳಿದರೆ ಅದನ್ನೇ ಇನ್ನೊಂದು ಸರಕೆಂದು ಎಣಿಸಿಬಿಡಬಹುದು. ಅದಕ್ಕೇ ಪ್ರಮಾಣವಿಲ್ಲದ ಸಾಲನ್ನು ಮೇಲಿನದಕ್ಕೆ ಸೇರಿಸುವ ನಿಯಮ ಬೇಕು. ಸ್ಕ್ಯಾನ್ ಮಾಡಿದ ಪುಟವಾದರೆ ಅಕ್ಷರಗಳೂ ಇರುವುದಿಲ್ಲ. ಚಿತ್ರದಿಂದ ಅವನ್ನು ಮೊದಲು ಗುರುತಿಸಬೇಕು.

ನಮ್ಮ ಆರ್ಡರಿನಿಂದ ಹೊರಬಂದ ಸಾಲು ಇದು:

```
BYADGI KADDI STEMLESS  40  250.00  2,50,000
```

ತೊಟ್ಟು ತೆಗೆದ ಕಡ್ಡಿ ಕಾಯಿ, ದರ 250 ರೂಪಾಯಿ. 40 ಎಂದರೇನು? ಕಿಲೋ ಆಗಿದ್ದರೆ ಮೊತ್ತ 10,000 ಆಗಬೇಕಿತ್ತು. ಬರೆದಿರುವುದು ಎರಡೂವರೆ ಲಕ್ಷ. ಅದನ್ನು ದರದಿಂದ ಭಾಗಿಸಿದರೆ 1,000 ಕಿಲೋ, 40ಕ್ಕೆ ಹಂಚಿದರೆ ತಲಾ 25. ಅಂದರೆ ದರ ಕಿಲೋಗೆ, ಎಣಿಕೆ 25 ಕಿಲೋ ಚೀಲಗಳಲ್ಲಿ. ಈ ಗ್ರಾಹಕರು ಹಿಂದೆ 25 ಕಿಲೋ ಚೀಲವನ್ನೇ ಕೊಂಡಿದ್ದರೆ ಕರಡಿನಲ್ಲಿ 1,000 ಕಿಲೋ ಎಂದು ತುಂಬಬಹುದು. ಇಲ್ಲದಿದ್ದರೆ ಆ ಸಾಲಿಗೆ ಗುರುತು ಹಾಕಿ ಗುಮಾಸ್ತರ ಮುಂದಿಡಬೇಕು. ಮೊತ್ತದ ಕಲಂ ಬೇಡವೆಂದು ಬಿಟ್ಟುಬಿಡುವವರಿದ್ದಾರೆ. ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಎಕ್ಸೆಲ್ ಹಾಳೆಯಲ್ಲಿ ಕಲಂಗಳು ಸಿದ್ಧವಾಗಿಯೇ ಬರುತ್ತವೆ, ತೊಂದರೆ ಬೇರೆ ಕಡೆಯಿದೆ. ಒಣ ಮೆಣಸಿನಕಾಯಿಯ ಎಚ್‌ಎಸ್‌ಎನ್ ಸಂಕೇತ `09042110`. ಅದನ್ನು ಸಂಖ್ಯೆಯೆಂದು ಬಗೆದರೆ ಮುಂದಿನ ಸೊನ್ನೆ ಹೋಗಿ `9042110` ಉಳಿಯುತ್ತದೆ. ಎಂಟರ ಬದಲು ಏಳು ಅಂಕಿ ಕಂಡರೆ ಕಾರಣ ಬಹುಪಾಲು ಇದೇ. ಸಂಕೇತಗಳನ್ನು ಅಕ್ಷರಗಳಾಗಿಯೇ ಓದಿಸಬೇಕು.

ಲೆಕ್ಕ ಹಿಡಿಯಲಾಗದ ತಪ್ಪೂ ಒಂದಿದೆ. ಆರ್ಡರಿನಲ್ಲಿ ಬರೀ `BYADGI A` ಎಂದಿದ್ದರೆ ಅದು ಡಬ್ಬಿಯೋ ಕಡ್ಡಿಯೋ? ಯಾವುದನ್ನು ಹಾಕಿದರೂ ಗುಣಾಕಾರ ಸರಿಯಾಗಿಯೇ ಬರುತ್ತದೆ. ಹೆಸರಿನ ಹೋಲಿಕೆ ನೋಡಿ ಊಹಿಸುವ ಬದಲು, ಮೊದಲ ಸಲ ಗುಮಾಸ್ತರು ಗ್ರಾಹಕರನ್ನು ಕೇಳಿ ತಮ್ಮ ಸರಕಿನ ಪಟ್ಟಿಗೆ ಜೋಡಿಸಬೇಕು. ಆ ಜೋಡಣೆಯನ್ನು ಆ ಗ್ರಾಹಕರ ಹೆಸರಿನಲ್ಲೇ ಉಳಿಸಿಡಬೇಕು, ಏಕೆಂದರೆ ಇನ್ನೊಂದು ಕಾರ್ಖಾನೆಯ `BYADGI A` ಬೇರೆ ಕಾಯಿ ಇರಬಹುದು. ಗುಮಾಸ್ತರು ಒಪ್ಪುವವರೆಗೂ ಆರ್ಡರ್ ಕರಡಾಗಿಯೇ ಇರುತ್ತದೆ, ಗೋದಾಮಿನ ದಾಸ್ತಾನು ಅದಕ್ಕಾಗಿ ಕಡಿಮೆಯಾಗುವುದಿಲ್ಲ.