ಒಂದು ಯೂನಿಟ್ ಕರೆಂಟು, ಮೂರು ಯೂನಿಟ್ ಬಿಸಿ

ಗೀಸರ್ ಕೊಳ್ಳಲು ಹೋದವರ ಕಣ್ಣು ಮೊದಲು ಅದರ ಮೇಲಿನ ನಕ್ಷತ್ರಗಳ ಮೇಲೆ ಬೀಳುತ್ತದೆ. ಐದು ನಕ್ಷತ್ರ ಇದ್ದರೆ ಕಡಿಮೆ ಕರೆಂಟಿನಲ್ಲಿ ನೀರು ಕಾಯುತ್ತದೆ ಎಂಬ ನಂಬಿಕೆ. ಆದರೆ ಟ್ಯಾಂಕ್ ಇರುವ ಗೀಸರ್‌ಗೆ ಆ ನಕ್ಷತ್ರಗಳನ್ನು ಕೊಡುವುದು, ಕಾದ ನೀರು ಒಳಗೆ ಸುಮ್ಮನೆ ನಿಂತಿರುವಾಗ ಎಷ್ಟು ಬಿಸಿ ಸೋರಿಹೋಗುತ್ತದೆ ಎಂಬ ಲೆಕ್ಕ ನೋಡಿ. ಕಾಯಿಸುವ ಕೆಲಸದಲ್ಲಿ ಒಂದು ನಕ್ಷತ್ರದ್ದೂ ಐದು ನಕ್ಷತ್ರದ್ದೂ ಹೆಚ್ಚುಕಡಿಮೆ ಒಂದೇ. ಕಾಯಿಲ್ ನೀರಿನಲ್ಲೇ ಮುಳುಗಿರುತ್ತದೆ, ಅದರೊಳಗೆ ಹರಿದ ಕರೆಂಟೆಲ್ಲ ಬಿಸಿಯಾಗಿ ನೀರಿಗೇ ಸೇರುತ್ತದೆ. ಅಂದರೆ ದಕ್ಷತೆ ಆಗಲೇ ನೂರಕ್ಕೆ ನೂರರ ಹತ್ತಿರ. ಎಂಥ ಕಂಪನಿಯೂ ಅದನ್ನು ಇನ್ನು ಮೇಲಕ್ಕೆ ಒಯ್ಯಲಾರದು.

ಲೆಕ್ಕ ಹಾಕಿ ನೋಡೋಣ. ಶವರ್ ಬಳಸುವ ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 150 ಲೀಟರ್ ಬಿಸಿನೀರು ಬೇಕು ಎಂದುಕೊಳ್ಳಿ. ನಲ್ಲಿಯ ನೀರು 22 ಡಿಗ್ರಿ ಇದೆ, ಅದನ್ನು 55 ಡಿಗ್ರಿಗೆ ಏರಿಸಬೇಕು. ಒಂದು ಯೂನಿಟ್ ಕರೆಂಟು 860 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುತ್ತದೆ. 150ನ್ನು 33ರಿಂದ ಗುಣಿಸಿ 860ರಿಂದ ಭಾಗಿಸಿದರೆ ಸುಮಾರು 5.8 ಯೂನಿಟ್. ಕಾಯಿಲ್ ಗೀಸರ್ ಇದಕ್ಕಿಂತ ಕಡಿಮೆಯಲ್ಲಿ ಈ ಕೆಲಸ ಮುಗಿಸುವುದು ಸಾಧ್ಯವೇ ಇಲ್ಲ. ಹೀಟ್ ಪಂಪ್ ಮಾತ್ರ ಇದೇ 150 ಲೀಟರನ್ನು ಎರಡು ಯೂನಿಟ್‌ನ ಆಸುಪಾಸಿನಲ್ಲಿ ಕಾಯಿಸಿಬಿಡುತ್ತದೆ.

ಉಳಿದ ನಾಲ್ಕು ಯೂನಿಟ್ ಎಲ್ಲಿಂದ ಬಂತು? ಹೊರಗಿನ ಗಾಳಿಯಿಂದ. ಹೀಟ್ ಪಂಪಿನೊಳಗೆ ಇರುವುದು ನಮ್ಮ ಮನೆಯ ಫ್ರಿಜ್ಜಿನಲ್ಲಿರುವ ಯಂತ್ರವೇ. ಫ್ರಿಜ್ಜು ತನ್ನ ಹೊಟ್ಟೆಯೊಳಗಿನ ಬಿಸಿಯನ್ನು ಹೊತ್ತು ತಂದು ಹಿಂಭಾಗದಲ್ಲಿ ಹೊರಹಾಕುತ್ತದೆ. ಇದು ಅಂಗಳದ ಗಾಳಿಯ ಬಿಸಿಯನ್ನು ತಂದು ನೀರಿನ ಟ್ಯಾಂಕಿಗೆ ಸುರಿಯುತ್ತದೆ.

ಹೊರುವ ಕೆಲಸ ಮಾಡುವುದು ಕೊಳವೆಯಲ್ಲಿ ಸುತ್ತುವ ಗ್ಯಾಸ್. ಹಲವು ಯಂತ್ರಗಳಲ್ಲಿ ಬಳಸುವ ಆರ್134ಎ ಎಂಬ ಗ್ಯಾಸನ್ನೇ ತೆಗೆದುಕೊಳ್ಳಿ. ಸಾಮಾನ್ಯ ಒತ್ತಡದಲ್ಲಿ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಯಂತ್ರದ ಮುಂದಿನ ರೆಕ್ಕೆಗಳ ಕಾಯಿಲ್‌ನೊಳಗೆ ಅದು ದ್ರವವಾಗಿ ಬಂದಾಗ ಅಲ್ಲಿನ ಒತ್ತಡ ಸುಮಾರು 4 ಬಾರ್ ಇರುತ್ತದೆ. ಆ ಒತ್ತಡದಲ್ಲಿ ಅದು 10 ಡಿಗ್ರಿಗೆ ಕುದಿಯುತ್ತದೆ. ಫ್ಯಾನ್ ಎಳೆದುಕೊಂಡ 24 ಡಿಗ್ರಿಯ ಗಾಳಿ ನಮಗೆ ತಂಪು, ಅದಕ್ಕೆ ಕುದಿಸುವ ಬೆಂಕಿ. ಗಾಳಿಯ ಬಿಸಿ ಹೀರಿ ದ್ರವವೆಲ್ಲ ಆವಿಯಾಗುತ್ತದೆ. ಆ ಆವಿಯನ್ನು ಕಂಪ್ರೆಸರ್ ಹಿಡಿದು ಸುಮಾರು 17 ಬಾರ್‌ಗೆ ಒತ್ತುತ್ತದೆ. ಅಷ್ಟು ಒತ್ತಡದಲ್ಲಿ ಅದು 60 ಡಿಗ್ರಿಯಲ್ಲೇ ಮತ್ತೆ ದ್ರವವಾಗುತ್ತದೆ. ಟ್ಯಾಂಕಿನ ಸುತ್ತ ಸುತ್ತಿದ ಕೊಳವೆಯಲ್ಲಿ ಹಾಗೆ ದ್ರವವಾಗುವಾಗ, ಗಾಳಿಯಿಂದ ಹೀರಿದ್ದನ್ನೂ ಕಂಪ್ರೆಸರ್ ಸೇರಿಸಿದ್ದನ್ನೂ ಒಟ್ಟಿಗೆ ನೀರಿಗೆ ಬಿಟ್ಟುಕೊಡುತ್ತದೆ. ಆಮೇಲೆ ಒಂದು ಕಿರಿದಾದ ಕವಾಟದಲ್ಲಿ ನುಸುಳಿ, ಒತ್ತಡ ಕಳೆದುಕೊಂಡು, ತಣ್ಣಗಾಗಿ ಮೊದಲಿನ ಜಾಗಕ್ಕೆ ಹೋಗುತ್ತದೆ. ನಾವು ದುಡ್ಡು ಕೊಡುವುದು ಕಂಪ್ರೆಸರ್, ಫ್ಯಾನ್‌ಗಳ ಕರೆಂಟಿಗೆ ಮಾತ್ರ.

ಕೊಟ್ಟ ಕರೆಂಟಿಗೆ ಎಷ್ಟು ಪಟ್ಟು ಬಿಸಿ ಸಿಕ್ಕಿತು ಎಂಬುದನ್ನು ಸಿಒಪಿ ಎನ್ನುತ್ತಾರೆ. ಅಂಗಡಿಯವರು ಅದನ್ನು ಯಂತ್ರದ ಜನ್ಮಗುಣದ ಹಾಗೆ ಹೇಳುತ್ತಾರೆ, ಆದರೆ ಅದು ದಿನ, ಜಾಗ, ಬಳಕೆ ನೋಡಿಕೊಂಡು ಬದಲಾಗುವ ಸಂಖ್ಯೆ. ಬಾವಿಯ ಪಂಪು ನೀರನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಎತ್ತುತ್ತದೆ. ಬಾವಿ ಆಳವಾದಷ್ಟೂ, ಟ್ಯಾಂಕು ಎತ್ತರದಲ್ಲಿದ್ದಷ್ಟೂ ಕರೆಂಟು ಹೆಚ್ಚು. ಇಲ್ಲಿಯೂ ಅದೇ. 10 ಡಿಗ್ರಿಯಿಂದ 60 ಡಿಗ್ರಿಗೆ ಎತ್ತಲು ಭೌತವಿಜ್ಞಾನ ಒಪ್ಪುವ ಗರಿಷ್ಠ ಸಿಒಪಿ 6.7ರಷ್ಟು. ಸವಕಳಿಗಳೆಲ್ಲ ಕಳೆದು ಅದರ ಅರ್ಧದಷ್ಟು, ಅಂದರೆ ಮೂರರ ಆಸುಪಾಸು ಕೈಗೆ ಸಿಗುತ್ತದೆ. ಮಂಗಳೂರಿನ ಬೇಸಿಗೆಯ ಬಿಸಿ, ತೇವದ ಗಾಳಿಯಲ್ಲಿ ಇದು ಇನ್ನೂ ಚೆನ್ನಾಗಿರುತ್ತದೆ. ಗಾಳಿಯ ತೇವ ಕಾಯಿಲ್ ಮೇಲೆ ನೀರಾಗಿ ಇಳಿಯುವಾಗ ಅದರ ಬಿಸಿಯೂ ಯಂತ್ರಕ್ಕೆ ಸೇರುತ್ತದೆ. ಕೆಳಗಿನ ಪೈಪಿನಿಂದ ತೊಟ್ಟಿಕ್ಕುವುದು ಆ ನೀರೇ, ಸೋರಿಕೆ ಎಂದು ಗಾಬರಿಯಾಗಬೇಕಿಲ್ಲ. ಮಡಿಕೇರಿಯ ಡಿಸೆಂಬರ್ ಮುಂಜಾವಿನಲ್ಲಿ ಇದೇ ಯಂತ್ರ ಏದುಸಿರು ಬಿಡುತ್ತದೆ. ಹಾಗಾಗಿ ಟೈಮರ್ ಇದ್ದರೆ ಮಧ್ಯಾಹ್ನ ಎರಡರಿಂದ ಐದರೊಳಗೆ ಕಾಯಿಸಿಟ್ಟುಕೊಳ್ಳುವುದು ಜಾಣತನ. ಗಾಳಿ ಆಗ ಬಿಸಿ ಇರುತ್ತದೆ, ಒಳ್ಳೆಯ ಟ್ಯಾಂಕಿನಲ್ಲಿ ನೀರು ಬೆಳಿಗ್ಗೆವರೆಗೂ ಬಿಸಿಯಾಗೇ ಉಳಿಯುತ್ತದೆ. ತಾಪಮಾನವನ್ನು 65ಕ್ಕೆ ಇಟ್ಟು ಆಮೇಲೆ ತಣ್ಣೀರು ಬೆರೆಸುವವರು, ಆ ಹತ್ತು ಡಿಗ್ರಿಯ ಏರಿಗೆ ಸುಮ್ಮನೆ ದುಡ್ಡು ತೆರುತ್ತಾರೆ.

ಜಾಗ ತಪ್ಪಿದರೂ ಲೆಕ್ಕ ಕೆಡುತ್ತದೆ. ಬಾಗಿಲು ಹಾಕಿದ ಸಣ್ಣ ಯುಟಿಲಿಟಿಯಲ್ಲಿ ಕೂರಿಸಿದರೆ, ತಾನೇ ಉಗುಳಿದ ತಣ್ಣನೆ ಗಾಳಿಯನ್ನು ಮತ್ತೆ ನುಂಗುತ್ತದೆ. ಬಾವಿ ಆಳವಾಗುತ್ತಾ ಹೋಗುವುದು ಎಂದರೆ ಇದೇ. ತಾರಸಿ, ತೆರೆದ ಬಾಲ್ಕನಿ ಒಳ್ಳೆಯದು.

ಹೀಟ್ ಪಂಪ್ ಹಾಕಿದ ಮೇಲೂ ಬಿಲ್ಲು ಇಳಿಯಲಿಲ್ಲ ಎಂಬ ದೂರಿಗೆ ಬಹಳ ಸಲ ಕಾರಣ ಬೇರೆಯೇ. ಹೆಚ್ಚಿನ ಯಂತ್ರಗಳಲ್ಲಿ ತುರ್ತಿಗೆಂದು ಒಂದು ಹಳೆಯ ಕಾಯಿಲ್ಲೂ ಇರುತ್ತದೆ. ಬೇಗ ಕಾಯಿಸುವ ಮೋಡ್ ಒತ್ತಿ ಮರೆತರೆ ಅದು ದಿನವೂ ಉರಿಯುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಪತ್ತೆ ಮಾಡುವುದು ಸುಲಭ. ಮನೆಯ ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ ಕರೆಂಟ್ ಮೀಟರಿನ ಕೆಂಪು ದೀಪ ನೋಡಿ. ಮೀಟರಿನ ಮೇಲೆ `3200 imp/kWh` ಎಂದಿದ್ದರೆ ಒಂದು ಯೂನಿಟ್‌ಗೆ 3200 ಮಿಣುಕು. ಕಂಪ್ರೆಸರ್ ಒಂದೇ 800 ವಾಟ್ ಎಳೆಯುತ್ತಿದ್ದರೆ ನಿಮಿಷಕ್ಕೆ 43 ಮಿಣುಕು ಬರಬೇಕು. 120 ದಾಟಿದರೆ 1500 ವಾಟಿನ ಕಾಯಿಲ್ಲೂ ಜೊತೆಗೂಡಿದೆ ಎಂದರ್ಥ. ಇದಕ್ಕೆ ತಿರುಗುಮುರುಗಾಗಿ, ಫ್ಯಾನು ಕಂಪ್ರೆಸರ್ ಎರಡೂ ಓಡುತ್ತಿದ್ದು ಹೊರಬರುವ ಗಾಳಿ ತಣ್ಣಗಿಲ್ಲದಿದ್ದರೆ, ನೀರೂ ಕಾಯದಿದ್ದರೆ, ಗ್ಯಾಸ್ ಸೋರಿರುವ ಸಾಧ್ಯತೆ ಹೆಚ್ಚು. ಕರೆಂಟು ಹೋಗಿ ಬಂದಾಗ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಒತ್ತಡ ಸಮವಾಗಲೆಂದು ಕಂಪ್ರೆಸರ್ ಮೂರು ನಿಮಿಷದಷ್ಟು ಕಾದು ಶುರುವಾಗುತ್ತದೆ. ಕೆಟ್ಟಿತೆಂದು ಸ್ವಿಚ್ ಹಾಕಿ ತೆಗೆಯುತ್ತಾ ಕೂರುವವರೇ ಅದನ್ನು ಕೆಡಿಸುವುದು.

ಇಷ್ಟಾದ ಮೇಲೆ ಕೊಳ್ಳಬೇಕೇ ಎಂಬ ಪ್ರಶ್ನೆ. ಮನೆಬಳಕೆಯ ಹೀಟ್ ಪಂಪಿಗೆ ಲಕ್ಷ ರೂಪಾಯಿಯ ಆಸುಪಾಸು ಬೀಳುತ್ತದೆ. ಮೇಲೆ ಹೇಳಿದ ಶವರ್ ಮನೆಗೆ ದಿನಕ್ಕೆ 3.8 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ 6 ರೂಪಾಯಿಯಂತೆ ವರ್ಷಕ್ಕೆ 8,300 ರೂಪಾಯಿ. ಲಕ್ಷ ಹಿಂದೆ ಬರಲು ಹನ್ನೆರಡು ವರ್ಷ ಬೇಕು, ಅಷ್ಟು ಹೊತ್ತಿಗೆ ಯಂತ್ರವೇ ಮುದಿಯಾಗಿರುತ್ತದೆ. ಬಕೆಟ್ಟಿನಲ್ಲಿ ಸ್ನಾನ ಮಾಡುವವರ ಕಥೆ ಇನ್ನೂ ಬೇರೆ. 15 ಲೀಟರಿನ ಗೀಸರನ್ನು ತಲೆಗೊಂದು ಸಲ ಕಾಯಿಸಿದರೆ ನಾಲ್ವರಿಗೆ ಖರ್ಚಾಗುವುದು 2.3 ಯೂನಿಟ್ ಅಷ್ಟೇ. ಅಂಥವರಿಗೆ ನನ್ನ ಉತ್ತರ ಸ್ಪಷ್ಟ: ಬೇಡ.

ಹಾಸ್ಟೆಲ್ಲಿಗೆ ಬನ್ನಿ. ನೂರು ಹುಡುಗರು, ತಲೆಗೆ 25 ಲೀಟರ್ ಬಿಸಿನೀರು. ಕಾಯಿಲ್ ಗೀಸರ್‌ಗಳಲ್ಲಿ ದಿನಕ್ಕೆ 96 ಯೂನಿಟ್ ಆಗುವುದು ಹೀಟ್ ಪಂಪಿನಲ್ಲಿ 32ಕ್ಕೆ ಮುಗಿಯುತ್ತದೆ. ಯೂನಿಟ್‌ಗೆ 7 ರೂಪಾಯಿ ಹಿಡಿದು, ರಜೆ ಕಳೆದು ವರ್ಷಕ್ಕೆ 300 ದಿನ ಎಂದರೂ ಉಳಿತಾಯ 1.3 ಲಕ್ಷ ದಾಟುತ್ತದೆ. ಲಾಡ್ಜು, ಆಸ್ಪತ್ರೆ, ಕಲ್ಯಾಣ ಮಂಟಪಗಳ ಲೆಕ್ಕವೂ ಹೀಗೇ ಸಾಗುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಹೀಟ್ ಪಂಪ್ ನಿಧಾನ, ಟ್ಯಾಂಕು ಪೂರ್ತಿ ಕಾಯಲು ಹಲವು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಆರಕ್ಕೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುವ ಕಡೆ, ಆ ಒಂದು ಗಂಟೆಗೆ ಬೇಕಾದಷ್ಟೂ ಬಿಸಿನೀರು ಹಿಡಿಯುವ ಟ್ಯಾಂಕನ್ನು ಮೊದಲೇ ಕೇಳಿ ಹಾಕಿಸಬೇಕು. ಇಲ್ಲದಿದ್ದರೆ ಸಾಲಿನ ಕೊನೆಯವನಿಗೆ ತಣ್ಣೀರೇ ಗತಿ.