ಕೈಯಲ್ಲಿ ಒಂದು: ಎರಡೇ ಸ್ಥಿತಿಗಳ ಲೆಕ್ಕದ ಯಂತ್ರ

ಹತ್ತು ಲಕ್ಷ ಅಂಕಿಗಳ ಒಂದು ಸಂಖ್ಯೆ ಇದೆ ಎಂದುಕೊಳ್ಳಿ. ಅದಕ್ಕೆ ಒಂದನ್ನು ಕೂಡಿಸಬೇಕು. ಇಡೀ ಸಂಖ್ಯೆಯನ್ನು ಒಟ್ಟಿಗೆ ನೋಡಲು ಸಿಗುವುದಿಲ್ಲ. ಅಂಕಿಗಳು ಒಂದೊಂದಾಗಿ ಬಂದು ಹೋಗುತ್ತವೆ, ಹೋದದ್ದು ಮತ್ತೆ ಬರುವುದಿಲ್ಲ. ಬಂದ ಅಂಕಿಗೊಂದರಂತೆ ಉತ್ತರದ ಅಂಕಿಯನ್ನೂ ಆಗಿಂದಾಗ್ಗೆ ಬರೆಯುತ್ತ ಸಾಗಬೇಕು. ಇದಕ್ಕೆ ಎಷ್ಟು ನೆನಪು ಬೇಕಾದೀತು? ಅಂಕಿಗಳು ಬಲಗಡೆಯಿಂದ ಬರುವುದಾದರೆ, ಹೌದು ಅಥವಾ ಇಲ್ಲ ಎಂಬ ಒಂದೇ ಸಂಗತಿ ನೆನಪಿದ್ದರೆ ಸಾಕು. ಎಡಗಡೆಯಿಂದ ಬರುವುದಾದರೆ, ಮೊದಲೇ ಗೊತ್ತುಮಾಡಿಟ್ಟ ಯಾವ ಅಳತೆಯ ನೆನಪೂ ಸಾಲದು. ಅದೇ ಲೆಕ್ಕ, ಅದೇ ಅಂಕಿಗಳು. ಓದುವ ದಿಕ್ಕಷ್ಟೇ ಬೇರೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದು ಪುಟ್ಟ ಯಂತ್ರವನ್ನು ಕಟ್ಟುತ್ತಲೇ ನೋಡೋಣ.

ನಾವು ಕಟ್ಟಲಿರುವುದು ಪರಿಮಿತ ಸ್ಥಿತಿಗಳ ಟ್ರಾನ್ಸ್‌ಡ್ಯೂಸರ್. ಯಂತ್ರ ಎಂದರೂ ಇದು ಕಾಗದದ ಮೇಲಿನ ಯಂತ್ರ. ಇದಕ್ಕೆ ಎಣಿಸಿ ಮುಗಿಸಬಹುದಾದಷ್ಟೇ ಸ್ಥಿತಿಗಳಿವೆ, ಯಾವ ಹೊತ್ತಿಗೂ ಅದು ಇರುವುದು ಅವುಗಳಲ್ಲಿ ಒಂದರಲ್ಲಿ. ಒಂದು ಅಂಕಿ ಓದಿದೊಡನೆ ಎರಡು ಕೆಲಸ ಮಾಡುತ್ತದೆ: ಏನನ್ನಾದರೂ ಬರೆಯುತ್ತದೆ, ಮತ್ತು ಮುಂದಿನ ಸ್ಥಿತಿಗೆ ಹೋಗುತ್ತದೆ ಅಥವಾ ಇದ್ದಲ್ಲೇ ಉಳಿಯುತ್ತದೆ. ಹಿಂದೆ ಓದಿದ್ದನ್ನು ತಿರುಗಿ ನೋಡಲು ಅದಕ್ಕೆ ಆಗುವುದಿಲ್ಲ. ತಾನು ಯಾವ ಸ್ಥಿತಿಯಲ್ಲಿದ್ದೇನೆ ಎಂಬುದಷ್ಟೇ ಅದರ ನೆನಪು. ಬೆಲ್ ಲ್ಯಾಬ್ಸ್‌ನ ಜಾರ್ಜ್ ಮೀಲಿ 1955ರಲ್ಲಿ ಸರ್ಕ್ಯೂಟುಗಳ ವಿನ್ಯಾಸಕ್ಕಾಗಿ ಇಂಥ ಯಂತ್ರಗಳನ್ನು ವಿವರಿಸಿದರು. ಓದಿದ ಅಂಕಿ ಮತ್ತು ಇರುವ ಸ್ಥಿತಿ ಎರಡನ್ನೂ ನೋಡಿ ಬರೆಯುವ ಯಂತ್ರಕ್ಕೆ ಇಂದಿಗೂ ಮೀಲಿ ಯಂತ್ರ ಎಂದೇ ಹೆಸರು.

ಇಂಥ ಯಂತ್ರವನ್ನು ವಿನ್ಯಾಸ ಮಾಡುವವರು ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಇಲ್ಲಿಯವರೆಗೆ ಓದಿದ್ದರಲ್ಲಿ ಮುಂದಿನ ಕೆಲಸಕ್ಕೆ ಬೇಕಾದದ್ದು ಯಾವುದು? ಆ ಪ್ರಶ್ನೆಗೆ ಎಷ್ಟು ಬೇರೆ ಬೇರೆ ಉತ್ತರಗಳಿರಬಹುದೋ ಅಷ್ಟು ಸ್ಥಿತಿಗಳು ಬೇಕು.

ನಮ್ಮ ಲೆಕ್ಕದಲ್ಲಿ ಇದಕ್ಕೆ ಉತ್ತರ ಪ್ರಾಥಮಿಕ ಶಾಲೆಯ ಸ್ಲೇಟಿನ ಮೇಲೇ ಇದೆ. 299ಕ್ಕೆ 1 ಕೂಡಿಸುವ ಮಗು ಬಲತುದಿಯಿಂದ ಹೊರಡುತ್ತದೆ. ಒಂಬತ್ತು ಒಂದು ಹತ್ತು, ಸೊನ್ನೆ ಬರೆದು ಕೈಯಲ್ಲಿ ಒಂದು. ಮತ್ತೆ ಒಂಬತ್ತು ಒಂದು ಹತ್ತು, ಸೊನ್ನೆ ಬರೆದು ಕೈಯಲ್ಲಿ ಒಂದು. ಎರಡು ಒಂದು ಮೂರು, ಕೈ ಖಾಲಿ. ಹಿಂದೆ ಎಷ್ಟು ಒಂಬತ್ತು ಬಂದವು ಎಂಬುದು ಮಗುವಿಗೆ ಬೇಕಿಲ್ಲ. ಕೈಯಲ್ಲಿ ಒಂದಿದೆಯೋ ಇಲ್ಲವೋ, ಅಷ್ಟು ಗೊತ್ತಿದ್ದರಾಯಿತು. ದ್ವಿಮಾನ ಪದ್ಧತಿಯಲ್ಲಿ ಇರುವುದು 0 ಮತ್ತು 1 ಎಂಬ ಎರಡೇ ಅಂಕಿಗಳಾದ್ದರಿಂದ ಲೆಕ್ಕ ಇನ್ನೂ ಸಣ್ಣದಾಗುತ್ತದೆ. ಒಂದು ಒಂದು ಎರಡು. ಅದನ್ನು 10 ಎಂದು ಬರೆಯುವುದರಿಂದ ಸೊನ್ನೆ ಇಟ್ಟು ಕೈಯಲ್ಲಿ ಒಂದು. ಸೊನ್ನೆಗೆ ಒಂದು ಸೇರಿದರೆ ಒಂದು, ಕೈ ಖಾಲಿ.

ಹಾಗಾಗಿ ನಮ್ಮ ಯಂತ್ರಕ್ಕೆ ಎರಡು ಸ್ಥಿತಿಗಳು ಸಾಕು. ಒಂದರ ಹೆಸರು 'ಕೈಯಲ್ಲಿ ಒಂದು', ಇನ್ನೊಂದರ ಹೆಸರು 'ಕೈ ಖಾಲಿ'. ಕೂಡಿಸಬೇಕಾದ ಆ ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಡುವುದರಿಂದ ಆರಂಭದ ಸ್ಥಿತಿ 'ಕೈಯಲ್ಲಿ ಒಂದು'. ನಿಯಮಗಳು ನಾಲ್ಕೇ:

1. 'ಕೈಯಲ್ಲಿ ಒಂದು' ಇರುವಾಗ 1 ಬಂದರೆ 0 ಬರೆ, ಅಲ್ಲೇ ಇರು.
2. 'ಕೈಯಲ್ಲಿ ಒಂದು' ಇರುವಾಗ 0 ಬಂದರೆ 1 ಬರೆ, 'ಕೈ ಖಾಲಿ'ಗೆ ಹೋಗು.
3. 'ಕೈ ಖಾಲಿ' ಇರುವಾಗ 0 ಬಂದರೆ 0 ಬರೆ, ಅಲ್ಲೇ ಇರು.
4. 'ಕೈ ಖಾಲಿ' ಇರುವಾಗ 1 ಬಂದರೆ 1 ಬರೆ, ಅಲ್ಲೇ ಇರು.

ಹನ್ನೊಂದನ್ನು ತೆಗೆದುಕೊಂಡು ನೋಡೋಣ. ದ್ವಿಮಾನದಲ್ಲಿ ಅದು 1011. ಬಲಗಡೆಯಿಂದ ಓದಿದರೆ ಅಂಕಿಗಳು 1, 1, 0, 1 ಎಂದು ಬರುತ್ತವೆ. ಮೊದಲನೆಯ 1ಕ್ಕೆ ಯಂತ್ರ 0 ಬರೆಯುತ್ತದೆ, ಕೈಯಲ್ಲಿ ಒಂದು ಹಾಗೇ ಇದೆ. ಎರಡನೆಯ 1ಕ್ಕೂ 0, ಕೈಯಲ್ಲಿ ಒಂದು ಇನ್ನೂ ಇದೆ. ಮೂರನೆಯದಾಗಿ 0 ಬಂದಾಗ ಆ ಒಂದನ್ನು ಅಲ್ಲಿ ಇಳಿಸಿ 1 ಬರೆಯುತ್ತದೆ, ಕೈ ಖಾಲಿಯಾಗುತ್ತದೆ. ಕೊನೆಯ 1 ಇದ್ದ ಹಾಗೇ ನಕಲಾಗುತ್ತದೆ. ಬರೆದದ್ದು 0, 0, 1, 1. ಇದೂ ಬಲದಿಂದ ಎಡಕ್ಕೆ ಬಂದ ಉತ್ತರವೇ ಆದ್ದರಿಂದ ಮಾಮೂಲಿನಂತೆ ಬರೆದಾಗ 1100, ಅಂದರೆ ಹನ್ನೆರಡು.

ಒಂದು ಸಂಖ್ಯೆಗೆ ಸರಿಬಂದದ್ದು ಎಲ್ಲ ಸಂಖ್ಯೆಗಳಿಗೂ ಸರಿಬರುತ್ತದೆ ಎಂದು ನಂಬುವುದು ಹೇಗೆ? ಲೆಕ್ಕದ ನಡುವೆ ಎಲ್ಲಿ ನಿಲ್ಲಿಸಿ ನೋಡಿದರೂ ನಿಜವಾಗಿರುವ ಒಂದು ಮಾತನ್ನು ಹಿಡಿಯಬೇಕು. ಆ ಮಾತು ಇದು: ಈವರೆಗೆ ಬರೆದದ್ದರ ಬೆಲೆ, ಅದಕ್ಕೆ ಕೈಯಲ್ಲಿರುವುದರ ಬೆಲೆ ಸೇರಿಸಿದರೆ, ಈವರೆಗೆ ಓದಿದ್ದರ ಬೆಲೆಗಿಂತ ಸರಿಯಾಗಿ ಒಂದು ಹೆಚ್ಚು. ಕೈಯಲ್ಲಿರುವ ಒಂದರ ಬೆಲೆ ಮುಂದಿನ ಸ್ಥಾನದ ಬೆಲೆಯೇ. ಸ್ಥಾನಗಳ ಬೆಲೆ ಬಲದಿಂದ 1, 2, 4, 8 ಎಂದು ದುಪ್ಪಟ್ಟಾಗುತ್ತ ಹೋಗುತ್ತದೆ. ಹನ್ನೊಂದರ ಲೆಕ್ಕದಲ್ಲಿ ಎರಡು ಅಂಕಿ ಓದಿ ನಿಂತಾಗ ಓದಿದ್ದು 3, ಬರೆದದ್ದು 0, ಕೈಯಲ್ಲಿರುವುದರ ಬೆಲೆ 4. ಮೂರಕ್ಕಿಂತ ನಾಲ್ಕು ಒಂದು ಹೆಚ್ಚು. ಮೂರನೆಯ ಅಂಕಿಯಾದ ಮೇಲೆ ಓದಿದ್ದು 3, ಬರೆದದ್ದು 4, ಕೈಯಲ್ಲಿ ಏನೂ ಇಲ್ಲ. ಮಾತು ಈಗಲೂ ನಿಜ. ಏನನ್ನೂ ಓದದೆ ಇರುವಾಗ ಓದಿದ್ದೂ ಬರೆದದ್ದೂ ಸೊನ್ನೆ, ಕೈಯಲ್ಲಿ ಒಂದು, ಅಲ್ಲೂ ನಿಜ. ನಾಲ್ಕು ನಿಯಮಗಳಲ್ಲಿ ಯಾವುದೂ ಈ ಸಮತೋಲವನ್ನು ಕೆಡಿಸುವುದಿಲ್ಲ ಎಂದು ಒಂದೊಂದಾಗಿ ನೋಡಿಕೊಂಡರೆ ಸಂಖ್ಯೆ ಎಷ್ಟು ಉದ್ದವಿದ್ದರೂ ಯಂತ್ರ ತಪ್ಪುವುದಿಲ್ಲ ಎಂಬುದು ಖಾತ್ರಿಯಾಗುತ್ತದೆ.

ಆದರೆ ಅದೇ ಮಾತು ಇನ್ನೊಂದನ್ನೂ ಹೇಳುತ್ತಿದೆ. ಅಂಕಿಗಳು ಮುಗಿದಾಗ ಕೈ ಖಾಲಿಯಿದ್ದರೆ ಬರೆದದ್ದೇ ಉತ್ತರ. ಕೈಯಲ್ಲಿ ಇನ್ನೂ ಒಂದು ಉಳಿದಿದ್ದರೆ? ಏಳನ್ನು, ಅಂದರೆ 111 ಅನ್ನು ಕೊಟ್ಟು ನೋಡಿ. ಮೂರು ಒಂದುಗಳಿಗೆ ಮೂರು ಸೊನ್ನೆ ಬರೆದು ಯಂತ್ರ ನಿಲ್ಲುತ್ತದೆ. ಉತ್ತರ 000. ಎಂಟು ಬರಬೇಕಾದ ಕಡೆ ಸೊನ್ನೆ ಬಂತು. ಆ ಎಂಟು ಕೈಯಲ್ಲೇ ಉಳಿದುಹೋಯಿತು. ಈ ಯಂತ್ರವನ್ನು ಮೊದಲ ಸಲ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಪರೀಕ್ಷೆ ಮಾಡಿದರೂ ಈ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹದಿನಾರು ಅಂಕಿಗಳ 65,536 ದ್ವಿಮಾನ ಸಂಖ್ಯೆಗಳಲ್ಲಿ ಎಲ್ಲ ಅಂಕಿಗಳೂ 1 ಆಗಿರುವುದು ಒಂದೇ ಒಂದು. ಕೈಗೆ ಸಿಕ್ಕ ಸಂಖ್ಯೆಗಳನ್ನು ಕೊಟ್ಟು ನೋಡುತ್ತಿದ್ದರೆ ಅದು ಎಂದೂ ಎದುರಾಗದೆ ಹೋಗಬಹುದು. ಅದನ್ನು ಬೇಕೆಂದೇ ಹುಡುಕಿ ಕೊಡಬೇಕು.

ಇದಕ್ಕೆ ಪರಿಹಾರ ಎರಡು ಬಗೆ. ಮೊದಲನೆಯದು, ಸಂಖ್ಯೆಯ ಎಡತುದಿಗೆ ಒಂದು ಸೊನ್ನೆ ಸೇರಿಸಿಯೇ ಕೊಡುವುದು. 111 ಬದಲು 0111 ಕೊಟ್ಟರೆ ಕೈಯಲ್ಲಿರುವ ಒಂದು ಆ ಸೊನ್ನೆಯ ಜಾಗದಲ್ಲಿ ಇಳಿದು 1000 ಬರುತ್ತದೆ. ಎರಡನೆಯದು, ಯಂತ್ರಕ್ಕೇ ಒಂದು ಅಂತಿಮ ಬರಹವನ್ನು ಕೊಡುವುದು: ಅಂಕಿಗಳು ಮುಗಿದಾಗ 'ಕೈಯಲ್ಲಿ ಒಂದು' ಸ್ಥಿತಿಯಲ್ಲಿದ್ದರೆ ಇನ್ನೊಂದು 1 ಬರೆ, 'ಕೈ ಖಾಲಿ' ಇದ್ದರೆ ಸುಮ್ಮನಿರು. ಹೀಗೆ ಕೊನೆಯಲ್ಲಿ ಸ್ಥಿತಿಯನ್ನು ನೋಡಿ ಬರೆಯುವ ಯಂತ್ರಗಳನ್ನು ಫ್ರಾನ್ಸಿನ ಗಣಿತಜ್ಞ ಮಾರ್ಸೆಲ್-ಪಾಲ್ ಶುಟ್ಜೆನ್‌ಬರ್ಜೆ 1977ರಲ್ಲಿ ಪ್ರತ್ಯೇಕ ವರ್ಗವಾಗಿ ಅಧ್ಯಯನ ಮಾಡಿದರು. ಈ ನಿಯಮ ಸೇರಿದ ಮೇಲೆ ಒಂದು ಅಂಕಿಯನ್ನೂ ಕೊಡದೆ ಯಂತ್ರವನ್ನು ನಿಲ್ಲಿಸಿದರೂ ಅದು 1 ಬರೆಯುತ್ತದೆ. ಏನೂ ಇಲ್ಲದ್ದನ್ನು ಸೊನ್ನೆ ಎಂದುಕೊಂಡರೆ ಅದೂ ಸರಿಯಾದ ಉತ್ತರವೇ.

ಇನ್ನೊಂದು ತಪ್ಪು, ಅಂಕಿಗಳನ್ನು ಎಡಗಡೆಯಿಂದ ಕೊಟ್ಟುಬಿಡುವುದು. 101ರಂತೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಸಂಖ್ಯೆಯನ್ನು ಕೊಟ್ಟರೆ ಈ ತಪ್ಪು ಗೊತ್ತೇ ಆಗುವುದಿಲ್ಲ. ಆರನ್ನು, ಅಂದರೆ 110 ಅನ್ನು ಕೊಟ್ಟರೆ ಗೊತ್ತಾಗುತ್ತದೆ. ಎಡದಿಂದ 1, 1, 0 ಎಂದು ಓದಿದ ಯಂತ್ರ 0, 0, 1 ಬರೆಯುತ್ತದೆ. ಅದನ್ನು ಎಂದಿನಂತೆ ಬಲದಿಂದ ಜೋಡಿಸಿದರೆ 100, ಅಂದರೆ ನಾಲ್ಕು. ಆರಕ್ಕೆ ಒಂದು ಸೇರಿ ನಾಲ್ಕಾಯಿತು ಎಂದರೆ ದಿಕ್ಕು ತಪ್ಪಿದೆ ಎಂದೇ ಅರ್ಥ.

ಹಾಗಾದರೆ ನಿಯಮಗಳನ್ನು ಬದಲಿಸಿ ಎಡದಿಂದಲೇ ಓದುವ ಯಂತ್ರವನ್ನು ಕಟ್ಟಬಾರದೇ? 0111 ಮತ್ತು 0110 ಎರಡನ್ನೂ ನೋಡಿ. ಒಂದು ಕೂಡಿಸಿದರೆ ಮೊದಲನೆಯದು 1000, ಎರಡನೆಯದು 0111. ಮೊದಲ ಮೂರು ಅಂಕಿಗಳು ಎರಡರಲ್ಲೂ ಒಂದೇ, ಆದರೆ ಉತ್ತರಗಳು ಮೊದಲ ಅಂಕಿಯಲ್ಲೇ ಬೇರೆಯಾಗಿವೆ. ಕೊನೆಯದನ್ನು ಓದುವವರೆಗೆ ಯಂತ್ರ ಒಂದಂಕಿಯನ್ನೂ ಬರೆಯುವಂತಿಲ್ಲ. ಒಂದು ಸೊನ್ನೆ, ಅದರ ಹಿಂದೆ ಸಾಲಾಗಿ ಒಂದುಗಳು ಬರುತ್ತಿದ್ದಷ್ಟು ಹೊತ್ತೂ ಅದು ಸುಮ್ಮನೆ ಎಣಿಸುತ್ತಲೇ ಇರಬೇಕು.

ಈಗ ಆ ಯಂತ್ರಕ್ಕೆ ನೂರು ಸ್ಥಿತಿಗಳಿವೆ ಎನ್ನಿ. 0, 01, 011 ಎಂದು ಒಂದೊಂದೇ 1 ಸೇರಿಸುತ್ತ ನೂರೊಂದು ಸಾಲುಗಳನ್ನು ಕೊಡಿ. ಸ್ಥಿತಿಗಳು ನೂರೇ ಆದ್ದರಿಂದ ಯಾವುವೋ ಎರಡು ಬೇರೆ ಬೇರೆ ಸಾಲುಗಳ ಕೊನೆಗೆ ಯಂತ್ರ ಒಂದೇ ಸ್ಥಿತಿಯಲ್ಲಿ ನಿಂತಿರುತ್ತದೆ. ಎರಡರಲ್ಲೂ ಈವರೆಗೆ ಏನೂ ಬರೆದಿಲ್ಲ. ಹಾಗಾಗಿ ಸಾಲು ಅಲ್ಲೇ ಮುಗಿದರೆ ಎರಡಕ್ಕೂ ಒಂದೇ ಉತ್ತರ ಬರೆಯುತ್ತದೆ. ಆದರೆ ಬರಬೇಕಾದ ಉತ್ತರಗಳ ಉದ್ದವೇ ಬೇರೆ ಬೇರೆ. ಒಂದಾದರೂ ತಪ್ಪಾಗಲೇಬೇಕು. ನೂರರ ಬದಲು ಕೋಟಿ ಸ್ಥಿತಿಗಳಿದ್ದರೂ ವಾದ ಹೀಗೆಯೇ ನಡೆಯುತ್ತದೆ.

ಯಂತ್ರಕ್ಕೆ ಊಹೆ ಮಾಡುವ ಸ್ವಾತಂತ್ರ್ಯ ಕೊಟ್ಟರೆ ಮಾತ್ರ ಎಡದಿಂದಲೂ ದಾರಿ ಇದೆ. ಅಂಕಿಗಳನ್ನು ನಕಲು ಮಾಡುತ್ತ ಸಾಗಿ, ಯಾವುದೋ ಒಂದು ಸೊನ್ನೆಯ ಬಳಿ 'ಇದೇ ಕೊನೆಯ ಸೊನ್ನೆ' ಎಂದು ಊಹಿಸಿ 1 ಬರೆಯುವುದು, ಅಲ್ಲಿಂದಾಚೆಗೆ ಬರುವ ಪ್ರತಿ ಒಂದಕ್ಕೂ 0 ಬರೆಯುವುದು. ಮುಂದೆ ಇನ್ನೊಂದು ಸೊನ್ನೆ ಎದುರಾದರೆ ಆ ಊಹೆ ಸುಳ್ಳು, ಆ ದಾರಿ ಅಲ್ಲಿಗೇ ನಿಂತುಹೋಗುತ್ತದೆ. ಸೊನ್ನೆಯೇ ಇಲ್ಲದ ಸಂಖ್ಯೆಗೆ ಆರಂಭದಲ್ಲೇ ಒಂದು 1 ಬರೆದು ಹೊರಡುವ ದಾರಿಯನ್ನೂ ಇಟ್ಟರೆ, ಯಾವ ಸಂಖ್ಯೆಗಾದರೂ ಕೊನೆಯವರೆಗೆ ಉಳಿಯುವುದು ಒಂದೇ ಊಹೆ. ಬಲದಿಂದ ಓದುವ ಯಂತ್ರಕ್ಕೆ ಈ ಊಹೆ ಬೇಕಿಲ್ಲ. ಎಡದಿಂದ 'ಕೊನೆಯ ಸೊನ್ನೆ' ಆಗಿದ್ದದ್ದು ಬಲದಿಂದ ಮೊದಲು ಸಿಗುವ ಸೊನ್ನೆ. ಸಿಕ್ಕಿದ ಕೂಡಲೇ ಗುರುತು ಹತ್ತುತ್ತದೆ.

ಈ ನೋಟ ಕೈಗೆ ಬಂದರೆ ಬೇರೆ ಲೆಕ್ಕಗಳ ಯಂತ್ರಗಳನ್ನೂ ಹೀಗೆಯೇ ಅಳೆಯಬಹುದು. ಒಂದನ್ನು ಕಳೆಯುವುದಕ್ಕೂ ಎರಡೇ ಸ್ಥಿತಿ. ಅಲ್ಲಿ 0 ಬಂದಾಗ 1 ಬರೆದು ಸಾಲವನ್ನು ಮುಂದಕ್ಕೆ ಒಯ್ಯಬೇಕು, 1 ಬಂದಾಗ 0 ಬರೆದು ಸಾಲ ತೀರಿಸಬೇಕು. ಮೂರರಿಂದ ಗುಣಿಸುವಾಗ ಕೈಯಲ್ಲಿ ಸೊನ್ನೆ, ಒಂದು ಅಥವಾ ಎರಡು ಉಳಿಯಬಹುದು. ಮೂರು ಸ್ಥಿತಿ ಸಾಕು. ಆದರೆ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕಾದರೆ ಸಂಖ್ಯೆ ಉದ್ದವಾದಷ್ಟೂ ಕೈಯಲ್ಲಿ ಹಿಡಿದಿರಬೇಕಾದದ್ದು ಬೆಳೆಯುತ್ತಲೇ ಹೋಗುತ್ತದೆ. ಬಲದಿಂದ ಓದಿದರೂ ಆ ಕೆಲಸಕ್ಕೆ ಪರಿಮಿತ ಸ್ಥಿತಿಗಳ ಯಂತ್ರ ಸಾಲುವುದಿಲ್ಲ.