ಆಟದ ಕನ್ಸೋಲಿಗೆಂದು ತೆರೆದ ಬಾಗಿಲು

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಎಷ್ಟೋ ಮನೆಗಳಲ್ಲಿ ಇಂದು ಟೆಲಿವಿಷನ್ನಿನ ಪಕ್ಕದಲ್ಲಿ ಎಕ್ಸ್‌ಬಾಕ್ಸಿನಂತಹ ಆಟದ ಕನ್ಸೋಲ್ ಇರುವುದುಂಟು. ದೂರದ ಗೆಳೆಯರೊಡನೆ ಆಡುವಾಗ ಒಮ್ಮೊಮ್ಮೆ ಅವರ ಧ್ವನಿ ಕೇಳಿಸುವುದಿಲ್ಲ. ಅವರ ಆಟಕ್ಕೆ ಸೇರಲು ಬರುವುದಿಲ್ಲ. ಪರದೆಯ ಮೇಲೆ `NAT type: Strict` ಎಂಬ ಬರಹ ಕಾಣುತ್ತದೆ. ಆಗ ಬಲ್ಲವರೆನಿಸಿಕೊಂಡವರು ಕೊಡುವ ಸಲಹೆ ಒಂದೇ: ರೌಟರಿನಲ್ಲಿ `DMZ Host` ಎಂಬ ಜಾಗದಲ್ಲಿ ಕನ್ಸೋಲಿನ ವಿಳಾಸವನ್ನು ಬರೆದುಬಿಡಿ. ಅನೇಕ ವೇಳೆ ತೊಂದರೆ ನೀಗುವುದೂ ನಿಜ. ಆದರೆ ಹೀಗೆ ಮಾಡಿದಾಗ ನಿಜವಾಗಿ ನಡೆಯುವುದೇನೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಬಿ.ಟಿ.ಎಂ. ಬಡಾವಣೆಯ ಒಂದು ವಸತಿ ಸಮುಚ್ಚಯವನ್ನು ನೆನೆಯಿರಿ. ಹೊರಗಿನವರಿಗೆ ಅದರ ವಿಳಾಸ ಒಂದೇ. ಒಳಗೆ ಮನೆಗಳು ಹಲವು. ಬಾಗಿಲ ಬಳಿಯ ಕಾವಲುಗಾರನು, ಒಳಗಿನವರು ಕರೆಸಿದವರನ್ನು ಮಾತ್ರ ಆಯಾ ಮನೆಗೆ ಬಿಡುತ್ತಾನೆ. ಕರೆಯದೆ ಬಂದವರನ್ನು ಹಿಂದಿರುಗಿಸುತ್ತಾನೆ. ರೌಟರಿನ ಕೆಲಸವೂ ಇಂಥದೇ. ಕನ್ಸೋಲ್ ತಾನಾಗಿ ಕೇಳಿದ ಉತ್ತರವು ಸಲೀಸಾಗಿ ಒಳಗೆ ಬರುತ್ತದೆ; ಗೆಳೆಯನ ಕನ್ಸೋಲಿನಿಂದ ತಾನಾಗಿ ಬಂದ ಮಾಹಿತಿಯು ಬಾಗಿಲಲ್ಲೇ ನಿಲ್ಲುತ್ತದೆ. `Strict` ಎಂಬುದರ ಅರ್ಥ ಇಷ್ಟೇ.

ಡಿ.ಎಂ.ಜೆಡ್. ಎಂಬ ಹೆಸರು 1953ರ ಕದನವಿರಾಮದಲ್ಲಿ ಕೊರಿಯದ ಎರಡು ಭಾಗಗಳ ನಡುವೆ ಗುರುತಿಸಿದಂತಹ ಸೇನೆಯಿಲ್ಲದ ಪಟ್ಟಿಯನ್ನು ನೆನಪಿಗೆ ತರುತ್ತದೆ. ದೊಡ್ಡ ಕಚೇರಿಗಳ ಜಾಲದಲ್ಲಿ ಅದು ನಿಜವಾಗಿಯೂ ಒಳಜಾಲದಿಂದ ಬೇರ್ಪಡಿಸಿದ ಪ್ರದೇಶ. ಮನೆಯ ರೌಟರಿನಲ್ಲಾದರೋ ಅಂತಹ ಬೇರ್ಪಡೆ ಸಾಮಾನ್ಯವಾಗಿ ಇರುವುದಿಲ್ಲ. ಕರೆಯದೆ ಬಂದವರೆಲ್ಲರನ್ನೂ, ಅವರು 65,535 ಪೋರ್ಟುಗಳಲ್ಲಿ ಯಾವುದನ್ನು ತಟ್ಟಿದರೂ, ಒಂದೇ ವಿಳಾಸಕ್ಕೆ ಕಳುಹಿಸು ಎಂಬುದಷ್ಟೇ ಅದರ ಆಜ್ಞೆ. ಆ ವಿಳಾಸದಲ್ಲಿರುವ ಯಂತ್ರವು ಮನೆಯ ಉಳಿದ ಯಂತ್ರಗಳ ಜೊತೆಯಲ್ಲಿಯೇ ಇರುತ್ತದೆ.

ಕನ್ಸೋಲ್ ಸಾಕಷ್ಟು ಭದ್ರವಾದ ಯಂತ್ರ. ಅದರ ಬಾಗಿಲು ತಟ್ಟಿದವರಿಗೆ ದೊರೆಯುವುದು ಅಲ್ಪ. ನಿಜವಾದ ಅಪಾಯ ಬೇರೆಡೆ ಇದೆ: ನಾವು ಬರೆದುಕೊಟ್ಟದ್ದು ವಿಳಾಸವನ್ನು, ಯಂತ್ರವನ್ನಲ್ಲ. ಒಂದು ಉದಾಹರಣೆ ನೋಡೋಣ. ಜಯನಗರದ ಒಂದು ಮನೆಯಲ್ಲಿ ಕನ್ಸೋಲಿಗೆ `192.168.0.105` ಎಂಬ ವಿಳಾಸವಿದ್ದು, ಅದನ್ನೇ `DMZ Host` ಎಂದು ಬರೆದಿದ್ದಾರೆನ್ನಿ. ಮಕ್ಕಳ ಪರೀಕ್ಷೆಯೆಂದು ಕನ್ಸೋಲನ್ನು ಒಂದು ತಿಂಗಳು ಆರಿಸಿಡುತ್ತಾರೆ. ಅಷ್ಟರಲ್ಲಿ ಕರೆಂಟು ಹೋಗಿ ಬಂದು, ರೌಟರು ತಾನು ಹಂಚಿದ ವಿಳಾಸಗಳ ಪಟ್ಟಿಯನ್ನು ಮರೆಯುತ್ತದೆ. ಆ ವಾರ ಹೊಸದಾಗಿ ಜೋಡಿಸಿದ ಸಿಸಿಟಿವಿಯ ಡಿವಿಆರ್ ವಿಳಾಸ ಕೇಳಿದಾಗ, ಖಾಲಿಯಿದ್ದ ಅದೇ 105 ಅದಕ್ಕೆ ದೊರೆಯುತ್ತದೆ. ಯಾರಿಗೂ ತಿಳಿಯದಂತೆ ಆ ಡಿವಿಆರ್ ಇಡೀ ಲೋಕಕ್ಕೆ ತೆರೆದುಕೊಂಡಿತು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಇಂತಹ ಕ್ಯಾಮೆರಾಗಳನ್ನೂ ಡಿವಿಆರ್‌ಗಳನ್ನೂ ಹುಡುಕಿ, ಕಾರ್ಖಾನೆಯಲ್ಲಿ ಇಟ್ಟಿದ್ದ ಪಾಸ್‌ವರ್ಡುಗಳನ್ನೇ ಪ್ರಯೋಗಿಸಿ, ಲಕ್ಷಾಂತರ ಯಂತ್ರಗಳನ್ನು ವಶಪಡಿಸಿಕೊಂಡಿತ್ತು.

ಇದಕ್ಕಿಂತ ಸುರಕ್ಷಿತವಾದ ಮಾರ್ಗ ಕಷ್ಟದ್ದಲ್ಲ. ಮೊದಲು ರೌಟರಿನ `Address Reservation` ಎಂಬಲ್ಲಿ ಕನ್ಸೋಲಿನ ಮ್ಯಾಕ್ ಸಂಖ್ಯೆಯನ್ನು ನಮೂದಿಸಿ, ಆ ವಿಳಾಸವನ್ನು ಅದಕ್ಕೇ ಕಾದಿರಿಸತಕ್ಕದ್ದು. ಅನಂತರ `Port Forwarding` ಎಂಬಲ್ಲಿ ಬೇಕಾದ ಪೋರ್ಟನ್ನು ಮಾತ್ರ ಆ ವಿಳಾಸಕ್ಕೆ ಕಳುಹಿಸತಕ್ಕದ್ದು. ಎಕ್ಸ್‌ಬಾಕ್ಸಿಗೆ ಮುಖ್ಯವಾದುದು `UDP 3074`. ಇನ್ನು `UPnP` ಎಂಬ ಸೌಕರ್ಯವನ್ನು ತೆರೆದರೆ, ಕನ್ಸೋಲ್ ತನಗೆ ಬೇಕಾದ ಪೋರ್ಟನ್ನು ತಾನೇ ಕೇಳಿ ಪಡೆಯುತ್ತದೆ. ಆದರೆ ಮನೆಯ ಯಾವ ಯಂತ್ರವಾದರೂ, ನಮ್ಮನ್ನು ಕೇಳದೆ ಹಾಗೆಯೇ ಬಾಗಿಲು ತೆರೆಸಬಹುದೆಂಬುದು ಅದರ ಕೊರತೆ.

ಏನು ಮಾಡಿದರೂ `Strict` ಹೋಗದಿದ್ದರೆ ರೌಟರಿನ ಸ್ಥಿತಿಪುಟದಲ್ಲಿ `WAN IP` ಎಂಬುದನ್ನು ನೋಡಬೇಕು. ಅದು 100.64ರಿಂದ 100.127ರ ವರೆಗಿನ ಅಂಕಿಗಳಿಂದ ಆರಂಭವಾದರೆ, ಅಂತರ್ಜಾಲ ಒದಗಿಸುವ ಸಂಸ್ಥೆಯೇ ಒಂದು ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದೆಯೆಂದು ತಿಳಿಯಬೇಕು. ಕಾವಲುಗಾರನು ನಮ್ಮ ಕಾಂಪೌಂಡಿನ ಆಚೆ, ಬೀದಿಯ ತುದಿಯಲ್ಲಿರುವನು; ಆಗ ಮನೆಯ ಡಿ.ಎಂ.ಜೆಡ್. ನಿಷ್ಪ್ರಯೋಜಕ. ಸಂಸ್ಥೆಯಿಂದ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯುವುದೇ ಉಪಾಯ. ಅದು 192.168 ಎಂದು ಆರಂಭವಾದರೆ, ಸಂಸ್ಥೆಯ ಫೈಬರ್ ಪೆಟ್ಟಿಗೆಯೂ ನಮ್ಮ ರೌಟರೂ ಎರಡು ಕಾವಲು ಕಾಯುತ್ತಿರುವುದು ಸಾಮಾನ್ಯ ಕಾರಣ. ಫೈಬರ್ ಪೆಟ್ಟಿಗೆಯನ್ನು `Bridge` ಸ್ಥಿತಿಯಲ್ಲಿಡಲು ಸಂಸ್ಥೆಯನ್ನು ಕೋರಬಹುದು. ಅದು ಆಗದಿದ್ದಲ್ಲಿ ಆ ಪೆಟ್ಟಿಗೆಯ ಡಿ.ಎಂ.ಜೆಡ್. ಅನ್ನು ನಮ್ಮ ರೌಟರಿನ ಕಡೆಗೆ ತಿರುಗಿಸುವುದರಲ್ಲಿ ದೋಷವಿಲ್ಲ. ಏಕೆಂದರೆ ಅಲ್ಲಿ ಇನ್ನೊಬ್ಬ ಕಾವಲುಗಾರನು ಎಚ್ಚರದಿಂದಿದ್ದಾನೆ. ಡಿವಿಆರಿನ ಮುಂದೆ ಅಂಥವನಾರೂ ಇರಲಿಲ್ಲ.